ಸ್ಟಾರ್ ಇಪ್ಪತ್ತೊಂದು ಸ್ಟಾರ್

*ಮಾನ್ಯ ಸಂಪಾದಕರೆ, ಪಾರ್ಸಲ್ ತಂದಿದ್ದೇನೆ, ಮನೆ ಸಿಗುತ್ತಿಲ್ಲ ಎಂದು ಒಬ್ಬ ಕರೆ ಮಾಡಿ, ದಾರಿ ಹೇಳಲು ಇನ್ನೊಬ್ಬ ಹುಡುಗನ ನಂಬರ್ ಒತ್ತಿ ಎಂದ. ಹೇಳಿದಂತೆ *21*, ಮುಂದೆ ಹತ್ತು ಅಂಕಿ, ಕೊನೆಗೆ # ಒತ್ತಿದೆ. ಅಂದಿನಿಂದ ಒಂದೂ ಕರೆ ಬರುತ್ತಿಲ್ಲ. ಬ್ಯಾಂಕಿನ ಹಣ ಇದ್ದಂತೆಯೇ ಇದೆ. ಇದು ಮೋಸವೇ?*
*– ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ*

ಮೋಸವೇ. ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ##002# ಒತ್ತಿ ಕರೆಯ ಗುಂಡಿ ಅದುಮಿ. ಎಲ್ಲ ಬಗೆಯ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ. ಆಗಲಿಲ್ಲವೆಂದು ಪರದೆಯಲ್ಲಿ ಬಂದರೆ ಸಿಮ್ ಕಂಪನಿಯ ಗ್ರಾಹಕ ಸೇವೆಗೆ ಹೇಳಿ ತೆಗೆಸಿ. ಆಮೇಲೆ ಮನೆಯವರ ಫೋನಿನಿಂದ ನಿಮಗೇ ಒಂದು ಕರೆ ಮಾಡಿಸಿ ನೋಡಿ.

ನೀವು ಒತ್ತಿದ್ದು ಯಾವ ಹುಡುಗನಿಗೂ ಮಾಡಿದ ಕರೆಯಲ್ಲ. ನನಗೆ ಬರುವ ಕರೆಗಳನ್ನೆಲ್ಲ ಈ ನಂಬರಿಗೆ ಕಳುಹಿಸು ಎಂದು ನೆಟ್‌ವರ್ಕಿಗೆ ಕೊಟ್ಟ ಅಪ್ಪಣೆ. ಅದು ನಿಮ್ಮ ಮೊಬೈಲಿನಲ್ಲಿ ಕೂತಿಲ್ಲವಾದ್ದರಿಂದ ಫೋನ್ ಆರಿಸಿ ಹಚ್ಚಿದರೂ ಹೋಗುವುದಿಲ್ಲ.

ಹಣ ಹೋಗಲಿಲ್ಲವೇಕೆ ಎಂದರೆ, ಹೀಗೆ ತಿರುಗುವುದು ಕರೆಗಳು ಮಾತ್ರ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ನಿಮ್ಮ ಫೋನಿಗೇ ಬರುತ್ತದೆ. ಕಳ್ಳನ ಕಣ್ಣು ಹೆಚ್ಚಾಗಿ ಇರುವುದು ವಾಟ್ಸ್‌ಆ್ಯಪ್ ಮೇಲೆ. ತನ್ನ ಮೊಬೈಲಿನಲ್ಲಿ ನಿಮ್ಮ ನಂಬರ್ ಹಾಕುತ್ತಾನೆ; ಎಸ್‌ಎಂಎಸ್ ಬೇಡ, ಕರೆ ಮಾಡಿ ತಿಳಿಸಿ ಎಂಬುದನ್ನು ಆರಿಸುತ್ತಾನೆ. ಯಂತ್ರವು ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತದೆ, ಅವನ ಕಿವಿಗೆ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಪರಿಚಯದ ನಿವೃತ್ತ ಮಾಸ್ತರರೊಬ್ಬರಿಗೆ ಆದದ್ದು ಇದೇ. ಬಾವಿಯ ಹತ್ತಿರ ನಿಂತಿದ್ದೇನೆ ಸರ್ ಎಂದನಂತೆ ಆ ಮಹಾಶಯ. ಅರ್ಧ ಗಂಟೆಯೊಳಗೆ ಪುಣೆಯಲ್ಲಿರುವ ಮಗನಿಗೆ ಅಪ್ಪನ ವಾಟ್ಸ್‌ಆ್ಯಪ್‌ನಿಂದ ‘ತುರ್ತಾಗಿ ನಲವತ್ತು ಸಾವಿರ ಕಳಿಸು’ ಎಂಬ ಸಂದೇಶ. ಮಗ ಖಾತ್ರಿ ಮಾಡಿಕೊಳ್ಳಲು ಅಪ್ಪನಿಗೆ ಕರೆ ಮಾಡಿದರೆ ಆ ಕರೆಯೂ ಕಳ್ಳನಿಗೇ! ತಾಯಿಯ ಫೋನಿಗೆ ಮಾಡುವ ಬುದ್ಧಿ ಬಂದದ್ದರಿಂದ ಹಣ ಉಳಿಯಿತು.

ಈಗ ನಿಮ್ಮ ವಾಟ್ಸ್‌ಆ್ಯಪ್ ತೆರೆಯಿರಿ. ನಿಮ್ಮನ್ನು ಹೊರಗೆ ಹಾಕಿದ್ದರೆ, ಫಾರ್ವರ್ಡಿಂಗ್ ತೆಗೆದ ಮೇಲೆ ಅದೇ ನಂಬರ್ ಹಾಕಿ ಎಸ್‌ಎಂಎಸ್‌ನಲ್ಲಿ ಬರುವ ಆರಂಕಿ ಕೊಡಿ. ಕೊಟ್ಟೊಡನೆ ಕಳ್ಳ ಹೊರಬೀಳುತ್ತಾನೆ. ಅವನು ವಾಟ್ಸ್‌ಆ್ಯಪ್‌ನ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟಿದ್ದರೆ ನೀವು ಒಳಹೋಗಲು ಏಳು ದಿನ ಕಾಯಬೇಕಾಗಬಹುದು. ಆದರೆ ಆ ಏಳು ದಿನ ಅವನೂ ಒಳಗಿರುವುದಿಲ್ಲ. ಖಾತೆ ನಿಮ್ಮ ಕೈಯಲ್ಲೇ ಇದ್ದರೆ ಆ ಪಿನ್ನನ್ನು ಇಂದೇ ನೀವು ಇಟ್ಟುಬಿಡಿ. ನೆಂಟರಿಷ್ಟರಲ್ಲಿ ಯಾರಾದರೂ ಹಣ ಹಾಕಿದ್ದರೆ ಅವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಪಾರ್ಸಲ್ ತರುವವರು ಒಟಿಪಿ ಕೇಳುವುದುಂಟು, ನಿಜ. ಅದನ್ನು ಬಾಗಿಲಲ್ಲಿ, ಪೊಟ್ಟಣ ಕೈಗೆ ಬಂದಾಗ ಹೇಳುತ್ತೀರಿ. ಸ್ಟಾರ್‌ನಿಂದ ಶುರುವಾಗುವ ಏನನ್ನೂ ಒತ್ತುವ ಕೆಲಸ ಅಲ್ಲಿಲ್ಲ.

ಮಾಸ್ತರರು ನಂಬಿದ್ದಕ್ಕೆ ಕಾರಣವಿತ್ತು: ಅಂದು ಅವರಿಗೆ ನಿಜಕ್ಕೂ ಒಂದು ಪಾರ್ಸಲ್ ಬರಬೇಕಿತ್ತು. ಸಂಜೆ ಬಂತು. ಅದನ್ನು ತಂದ ಹುಡುಗ ಸಿಟ್ಟಾಗಿದ್ದ: “ಮೂರು ಸಲ ಕರೆ ಮಾಡಿದೆ ಸರ್, ಎತ್ತುತ್ತೀರಿ, ಮಾತನಾಡದೆ ಇಟ್ಟುಬಿಡುತ್ತೀರಿ.”

– ಸಂಪಾದಕ