ಚೆಂಡು ನೆತ್ತಿಗೆ ಬಡಿಯುತ್ತಿದ್ದರೆ ಮೊದಲು ಕಾಲು ನೋಡಿ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ, ಫುಟ್‌ಬಾಲ್ ಅಂದ್ರೆ ಪ್ರಾಣ. ಹೆಡಿಂಗ್ ಮಾಡುವಾಗ ಕಣ್ಣು ಮುಚ್ಚಿಕೊಂಡು ಚೆಂಡನ್ನ ನೆತ್ತಿ ಮೇಲೆ ಬೀಳಿಸಿಕೊಳ್ತಾನೆ, ಆಮೇಲೆ ತಲೆ ನೋವು ಅಂತಾನೆ. ಸರಿಯಾಗಿ ಹೇಗೆ ಕಲಿಸೋದು? ಈ ವಯಸ್ಸಿಗೆ ಕಲಿಸಬಹುದಾ?

ಮೊದಲು ತಲೆನೋವಿನ ವಿಷಯ. ಸದ್ಯಕ್ಕೆ ಹೆಡಿಂಗ್ ಪೂರ್ತಿ ನಿಲ್ಲಿಸಿ, ಒಮ್ಮೆ ಡಾಕ್ಟರಿಗೆ ತೋರಿಸಿ. ಸರಿಯಾಗಿ ಮಾಡಿದ ಹೆಡರ್ ನೋಯಿಸಬಾರದು. ನೋವನ್ನು ಸಹಿಸಿಕೊಂಡು ರೂಢಿ ಮಾಡಿಕೊಳ್ಳುವ ಆಟ ಇದಲ್ಲ. ಅವನು ಪೂರ್ತಿ ಹುಷಾರಾದ ಮೇಲೆ ಉಳಿದದ್ದನ್ನು ಯೋಚಿಸಬಹುದು.

ನಾನು ಹಲವು ವರ್ಷಗಳಿಂದ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ನಿಮ್ಮ ಮಗ ಮಾಡುವ ತಪ್ಪನ್ನು ಹೊಸದಾಗಿ ಕಲಿಯುವ ಬಹುತೇಕ ಎಲ್ಲರೂ ಮಾಡುತ್ತಾರೆ. ಅವರಿಗೆಲ್ಲ ನಾವು ಸುಮ್ನೆ 'ಹಣೆಯಿಂದ ಹೊಡಿ, ಹಣೆಯಿಂದ ಹೊಡಿ' ಅಂತ ಕೂಗುತ್ತಿರುತ್ತೇವೆ. ಅದರಿಂದ ಏನೂ ಬದಲಾಗುವುದಿಲ್ಲ. ಚೆಂಡು ತಲೆಯ ಯಾವ ಜಾಗಕ್ಕೆ ತಾಗುತ್ತದೆ ಅನ್ನುವುದು ಅದಕ್ಕಿಂತ ಒಂದು ಕ್ಷಣ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ನನ್ನ ಹತ್ತಿರ 13 ವರ್ಷದ ಒಬ್ಬ ಹುಡುಗಿ ಇದ್ದಳು, ಡಿಫೆಂಡರ್. ಧೈರ್ಯಕ್ಕೆ ಏನೂ ಕೊರತೆ ಇರಲಿಲ್ಲ. ಆದರೆ ಪ್ರತಿ ಸಲ ಚೆಂಡು ನೆತ್ತಿಗೆ ಬಡಿದು ಹಿಂದಕ್ಕೆ ಹೋಗುತ್ತಿತ್ತು. ಒಂದು ದಿನ ಮೆತ್ತನೆಯ ಸ್ಪಾಂಜ್ ಚೆಂಡಿಗೆ ಸೀಮೆಸುಣ್ಣದ ಪುಡಿ ಸವರಿ ಮೆಲ್ಲಗೆ ಎಸೆದೆ. ಬಿಳಿ ಗುರುತು ಬೈತಲೆಯ ಮೇಲೆ ಬಿದ್ದಿತ್ತು. ಆಮೇಲೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಇಬ್ಬರೂ ಕೂತು ನೋಡಿದೆವು. ಅವಳು ಚೆಂಡು ಬೀಳುವ ಜಾಗಕ್ಕೆ ಓಡಿ, ನೇರ ಅದರ ಕೆಳಗೆ ನಿಂತುಬಿಡುತ್ತಿದ್ದಳು. ಬೇಗನೆ ಜಿಗಿಯುತ್ತಿದ್ದಳು. ಚೆಂಡು ಬರುವಷ್ಟರಲ್ಲಿ ಕೆಳಗಿಳಿಯುತ್ತಿರುತ್ತಿದ್ದಳು. ಅಷ್ಟರಲ್ಲಿ ಕಣ್ಣೂ ಮುಚ್ಚಿರುತ್ತಿತ್ತು. ಇಂಥ ಸ್ಥಿತಿಯಲ್ಲಿ ಹಣೆ ಕೊಡಬೇಕು ಅಂದರೂ ಕೊಡಲು ಆಗುವುದಿಲ್ಲ. ಚೆಂಡಿನ ದಾರಿಯಲ್ಲಿ ಇರುವುದು ನೆತ್ತಿ ಮಾತ್ರ.

ಅವತ್ತಿನಿಂದ ನಾನು ತಲೆಯನ್ನು ಬಿಟ್ಟು ಕಾಲನ್ನು ಗಮನಿಸಲು ಶುರು ಮಾಡಿದೆ. ಲೆಕ್ಕ ತುಂಬಾ ಸರಳ. ಒಂದು ಹೆಜ್ಜೆ ಜಾಸ್ತಿ ಮುಂದೆ ಹೋದರೆ ಚೆಂಡು ನೆತ್ತಿಗೆ ಬೀಳುತ್ತದೆ. ಒಂದು ಹೆಜ್ಜೆ ಹಿಂದೆ ಉಳಿದರೆ ಚೆಂಡು ಇಳಿದು ಮೂಗಿಗೆ ಬರುತ್ತದೆ. ಅದಕ್ಕೆ ಅವಳಿಗೆ ಒಂದೇ ಮಾತು ಹೇಳಿದೆ: 'ಚೆಂಡು ಬೀಳುವ ಜಾಗಕ್ಕಿಂತ ಒಂದು ಹೆಜ್ಜೆ ಹಿಂದೆ ಕಾಯಿ. ಕೊನೇ ಕ್ಷಣಕ್ಕೆ ಆ ಹೆಜ್ಜೆ ಇಟ್ಟು ಎದುರು ಹೋಗು.' ಆಗ ಚೆಂಡು ಕಣ್ಣೆದುರಿಗೇ ಇರುತ್ತದೆ, ತಲೆ ಎತ್ತಿ ಆಕಾಶ ನೋಡಬೇಕಾಗಿಲ್ಲ. ಹಣೆ ತಾನಾಗಿಯೇ ಸಿಗುತ್ತದೆ.

ಹಣೆ ಅಂದರೆ ಎಲ್ಲಿ? ಹುಬ್ಬಿಗೂ ಕೂದಲು ಶುರುವಾಗುವ ಗೆರೆಗೂ ನಡುವಿನ ಚಪ್ಪಟೆ ಜಾಗ. ಅಲ್ಲಿ ಮೂಳೆ ದಪ್ಪ, ಜಾಗ ಸಮತಟ್ಟು. ಚೆಂಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಲೂ ಅದೇ ಸುಲಭ. ನೆತ್ತಿಗೆ ಬಿದ್ದರೆ ಪೆಟ್ಟಿನ ಭಾರ ನೇರ ಕತ್ತಿನ ಮೂಳೆಗಳ ಮೇಲೆ ಇಳಿಯುತ್ತದೆ. ಕಣ್ಣಿಗೂ ಕಿವಿಗೂ ನಡುವೆ, ತಲೆಯ ಪಕ್ಕದಲ್ಲಿ ತಾಗುವುದು ಇನ್ನೂ ಕೆಟ್ಟದ್ದು. ಅಲ್ಲಿ ಮೂಳೆ ತೆಳು. ಜೊತೆಗೆ ತಲೆ ಗಿರ್ರನೆ ತಿರುಗುತ್ತದೆ. ಹಾಗೆ ತಿರುಗುವಾಗ ಮಿದುಳಿಗೆ ಆಗುವ ಎಳೆತ ನೇರ ಪೆಟ್ಟಿಗಿಂತ ಜಾಸ್ತಿ ಹಾನಿ ಮಾಡುತ್ತದೆ.

ಕಣ್ಣಿನ ಬಗ್ಗೆ ಒಂದು ಮಾತು. ಚೆಂಡು ತಾಗಿದ ಕ್ಷಣ ರೆಪ್ಪೆ ತಾನಾಗಿಯೇ ಮುಚ್ಚುತ್ತದೆ, ದೊಡ್ಡ ಆಟಗಾರರಿಗೂ ಹಾಗೇ ಆಗುತ್ತದೆ. ಅದರ ಬಗ್ಗೆ ಮಗುವನ್ನು ಬೈಯಬೇಡಿ. ತಾಗುವುದಕ್ಕೆ ಮೊದಲೇ ಮುಚ್ಚಿದರೆ ಮಾತ್ರ ಕಷ್ಟ, ಚೆಂಡು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮುಂಚೆ ಮುಚ್ಚುವುದು ಭಯದಿಂದ. ಭಯ ಹೋಗಬೇಕಾದರೆ ಚೆಂಡು ಹಗುರ ಆಗಬೇಕು. ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಆ ಹುಡುಗಿಯನ್ನೂ ನಾನು ಬಲೂನಿಗೇ ವಾಪಸ್ ಕರೆದುಕೊಂಡು ಹೋದೆ. ಬಲೂನ್ ನಿಧಾನಕ್ಕೆ ಇಳಿಯುತ್ತದೆ, ನೋಡುತ್ತಾ ಇರುವುದಕ್ಕೆ ಸಮಯ ಸಿಗುತ್ತದೆ. ಒಂದು ವಾರ ಅದು. ಆಮೇಲೆ ಎರಡು ವಾರ ಸ್ಪಾಂಜ್ ಚೆಂಡು, ಮೂರು ಮೀಟರ್ ದೂರದಿಂದ ಕೆಳಗೈಯಲ್ಲಿ ಎಸೆದದ್ದು. ಮೊದಲು ಮಂಡಿಯೂರಿ ಮಾಡಿಸಿದೆ. ಮಂಡಿಯೂರಿದರೆ ಕಾಲಿನ ಸಹಾಯ ಇರುವುದಿಲ್ಲ, ಸೊಂಟದಿಂದ ಮೇಲಿನ ದೇಹ ಹಿಂದಕ್ಕೆ ಬಾಗಿ ಮುಂದಕ್ಕೆ ಬರುವುದನ್ನು ಮೈ ಕಲಿಯುತ್ತದೆ. ಆಮೇಲೆ ನಿಂತು. ಆಮೇಲೆ ಒಂದು ಹೆಜ್ಜೆ ಇಟ್ಟು. ಜಿಗಿತ ಎಲ್ಲಕ್ಕಿಂತ ಕೊನೆಗೆ ಬಂತು. ಜಿಗಿಯುವಾಗ ಇನ್ನೂ ಮೇಲೇರುತ್ತಿರುವಾಗ ಅಥವಾ ತುದಿಯಲ್ಲಿರುವಾಗ ಚೆಂಡು ಸಿಗಬೇಕು. ಹೊಸಬರು ಸಾಮಾನ್ಯವಾಗಿ ಬೇಗ ಜಿಗಿಯುತ್ತಾರೆ. 'ಇನ್ನೊಂದು ಚೂರು ಕಾಯಿ' ಅನ್ನುವುದೇ ಹತ್ತಕ್ಕೆ ಎಂಟು ಸಲ ಸರಿಯಾದ ಸಲಹೆ.

ನಿಜವಾದ ಚೆಂಡು ನಾಲ್ಕನೇ ವಾರಕ್ಕೆ ಬಂತು, ಗಾಳಿ ಸ್ವಲ್ಪ ಕಡಿಮೆ ಇಟ್ಟು. ವಾರಕ್ಕೆ ಒಂದೇ ದಿನ, ಹೆಚ್ಚೆಂದರೆ ಹತ್ತು ಹೆಡರ್. ಆರನೇ ವಾರದ ವಿಡಿಯೋದಲ್ಲಿ ಚೆಂಡು ಹುಬ್ಬಿನ ಮೇಲೆ ಎರಡು ಬೆರಳು ಅಂತರದಲ್ಲಿ ತಾಗುತ್ತಿತ್ತು. ಅವಳೇ ಬಂದು 'ಸರ್, ಈಗ ಶಬ್ದವೇ ಬೇರೆ' ಅಂದಳು. ನಿಜ, ನೆತ್ತಿಗೆ ಬಿದ್ದದ್ದು ದಪ್ ಅನ್ನುತ್ತದೆ, ಹಣೆಗೆ ತಾಗಿದ್ದು ಟಪ್ ಅನ್ನುತ್ತದೆ. ದೂರ ನಿಂತವರಿಗೂ ವ್ಯತ್ಯಾಸ ಕೇಳಿಸುತ್ತದೆ.

ಈಗ ಕತ್ತು. ಚೆಂಡು ತಾಗುವಾಗ ಕತ್ತು ಸಡಿಲ ಇದ್ದರೆ ಚೆಂಡಿಗೆ ಎದುರಾಗುವುದು ಬರೀ ತಲೆಯ ತೂಕ. ಅದು ಹಿಂದಕ್ಕೆ ಜರ್ಕ್ ಹೊಡೆಯುತ್ತದೆ. ಕತ್ತು ಬಿಗಿಯಾಗಿದ್ದರೆ ತಲೆ, ಎದೆ, ಸೊಂಟ ಎಲ್ಲ ಒಂದೇ ತುಂಡಿನ ಹಾಗೆ ನಿಲ್ಲುತ್ತವೆ, ಜರ್ಕ್ ತುಂಬಾ ಕಡಿಮೆ ಆಗುತ್ತದೆ. ಅದಕ್ಕೇ ತಾಗುವ ಸ್ವಲ್ಪ ಮುಂಚೆ ಬಾಯಿ ಮುಚ್ಚಿ, ಹಲ್ಲು ಕಚ್ಚಿ, ಗದ್ದ ಸ್ವಲ್ಪ ಒಳಗೆ ಎಳೆದುಕೊಳ್ಳಬೇಕು. ಬಾಯಿ ಮುಚ್ಚಿದ್ದರೆ ನಾಲಿಗೆಯೂ ಉಳಿಯುತ್ತದೆ. ತಲೆಯೊಂದನ್ನೇ ಕೋಳಿ ಕುಕ್ಕಿದ ಹಾಗೆ ಮುಂದಕ್ಕೆ ಕುಕ್ಕಬಾರದು, ಬಲ ಸೊಂಟ ಮತ್ತು ಹೊಟ್ಟೆಯಿಂದ ಬರಬೇಕು.

ಮಕ್ಕಳಲ್ಲಿ ತಲೆ ಬೇಗ ದೊಡ್ಡದಾಗುತ್ತದೆ, ಕತ್ತಿನ ಸ್ನಾಯು ತಡವಾಗಿ ಬಲಿಯುತ್ತದೆ. ದೊಡ್ಡವರಿಗೆ ಸರಿಹೋಗುವುದು ಅವರಿಗೆ ಸರಿಹೋಗದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಕತ್ತಿಗೆ ವ್ಯಾಯಾಮ ಮನೆಯಲ್ಲೇ ಮಾಡಿಸಬಹುದು. ಅಂಗೈ ಹಣೆಗೆ ಇಟ್ಟು ತಲೆಯಿಂದ ಮೆಲ್ಲಗೆ ಒತ್ತುವುದು, ಕೈ ಅದನ್ನು ತಡೆಯುವುದು. ತಲೆ ಅಲ್ಲಾಡಬಾರದು. ಐದು ಸೆಕೆಂಡ್ ಹಿಡಿದು ಬಿಡಿ. ಹೀಗೇ ಹಿಂದೆ, ಎಡಕ್ಕೆ, ಬಲಕ್ಕೆ. ಪ್ರತಿ ಕಡೆ ಐದು ಸಲ, ವಾರಕ್ಕೆ ಮೂರು ದಿನ ಸಾಕು. ಅರ್ಧ ಬಲಕ್ಕಿಂತ ಜಾಸ್ತಿ ಒತ್ತುವುದು ಬೇಡ. ಪೈಲ್ವಾನರ ಹಾಗೆ ತಲೆ ನೆಲಕ್ಕೆ ಊರಿ ಮೈ ಎತ್ತುವ ವ್ಯಾಯಾಮವನ್ನು ಮಕ್ಕಳಿಗೆ ಮಾಡಿಸಲೇಬೇಡಿ. ಹಾಗಂತ ಕತ್ತು ಗಟ್ಟಿಯಾದರೆ ಎಷ್ಟು ಬೇಕಾದರೂ ಹೆಡ್ ಮಾಡಬಹುದು ಅಂತಲ್ಲ. ಜರ್ಕ್ ಕಡಿಮೆ ಆಗುತ್ತದೆ, ಇಲ್ಲವಾಗುವುದಿಲ್ಲ.

ವಯಸ್ಸಿನ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಹೆಡ್ ಮಾಡಲೇಬಾರದು ಅಂತ 2015ರಲ್ಲಿ ಘೋಷಿಸಿತು. 11ರಿಂದ 13ರವರೆಗೆ ಅಭ್ಯಾಸದಲ್ಲಿ ವಾರಕ್ಕೆ 30 ನಿಮಿಷ, ಒಬ್ಬರಿಗೆ 15ರಿಂದ 20 ಹೆಡರ್ ಅನ್ನುವುದು ಅವರ ಮಿತಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲಿ ಇನ್ನೂ ಬಿಗಿ ಮಾಡಿತು. ಅಂಡರ್-11ವರೆಗೆ ಅಭ್ಯಾಸದಲ್ಲಿ ಹೆಡಿಂಗ್ ಇಲ್ಲ. ಅಂಡರ್-12ಕ್ಕೆ ತಿಂಗಳಿಗೆ ಒಂದು ದಿನ, ಅವತ್ತು ಹೆಚ್ಚೆಂದರೆ ಐದು ಹೆಡರ್. ಆಮೇಲೆ ಮೆಲ್ಲಮೆಲ್ಲಗೆ ಹೆಚ್ಚುತ್ತದೆ.

ಇಂಗ್ಲೆಂಡಿನ ಈ ನಿಯಮಕ್ಕೆ ಹಿನ್ನೆಲೆ 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರು ಮರೆವಿನ ರೋಗದಂಥ ಮಿದುಳಿನ ಕಾಯಿಲೆಗಳಿಂದ ಸಾಯುವ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಜಾಸ್ತಿ ಅಂತ ಅದು ಹೇಳಿತು. ಅವರೆಲ್ಲ ಆಟವನ್ನೇ ವೃತ್ತಿ ಮಾಡಿಕೊಂಡವರು, ಹೆಡಿಂಗ್ ಒಂದೇ ಕಾರಣ ಅಂತ ಆ ಅಧ್ಯಯನ ಸಾಬೀತು ಮಾಡಲಿಲ್ಲ. ನಿಮ್ಮ ಮಗ ಇಲ್ಲಿಯವರೆಗೆ ಮಾಡಿದ ಕೆಲವು ಹೆಡರ್‌ಗಳಿಗೆ ಅದನ್ನು ಹೋಲಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಚಿಕ್ಕ ವಯಸ್ಸಿನಲ್ಲಿ ಲೆಕ್ಕ ಇಡುವುದು ಯಾಕೆ ಅನ್ನುವುದಕ್ಕೆ ನನಗೆ ಇಷ್ಟು ಸಾಕು. ಕೆಲವರು 'ಹಳೇ ಚರ್ಮದ ಚೆಂಡು ಭಾರ ಇತ್ತು, ಈಗಿನದು ಹಗುರ' ಅನ್ನುತ್ತಾರೆ. ಹಳೆಯದು ನೀರು ಹೀರಿ ಭಾರ ಆಗುತ್ತಿತ್ತು, ಅದು ನಿಜ. ಒಣಗಿದ್ದಾಗಿನ ತೂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. 5ನೇ ಸೈಜಿನ ಚೆಂಡು ಇವತ್ತಿಗೂ 410ರಿಂದ 450 ಗ್ರಾಂ ಇರಬೇಕು. 11 ವರ್ಷದವನಿಗೆ ಅದು ದೊಡ್ಡದು, ಅವನು ಆಡಬೇಕಾದದ್ದು 4ನೇ ಸೈಜಿನಲ್ಲಿ. ಯಾವುದರಲ್ಲಿ ಆಡುತ್ತಿದ್ದಾನೆ ಅಂತ ಒಮ್ಮೆ ನೋಡಿ.

ನನ್ನ ಮಗ ಆಗಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಡಾಕ್ಟರ್ ಸರಿ ಅಂದ ಮೇಲೆ, 12 ತುಂಬುವವರೆಗೆ ಬಲೂನ್ ಮತ್ತು ಸ್ಪಾಂಜ್ ಚೆಂಡು ಮಾತ್ರ. ಜೊತೆಗೆ ಕತ್ತಿನ ವ್ಯಾಯಾಮ. ಜೊತೆಗೆ ಮೇಲಿನಿಂದ ಬರುವ ಚೆಂಡನ್ನು ಕೈಯಲ್ಲಿ ಹಣೆಯ ಮುಂದೆ ಹಿಡಿಯುವ ಆಟ. ಬೀಳುವ ಜಾಗ ಅಂದಾಜು ಮಾಡುವುದನ್ನು ಕಲಿಯಲು ತಲೆಯೇ ಬೇಕಾಗಿಲ್ಲ, ಅಲ್ವಾ? 12ಕ್ಕೆ ನಿಜವಾದ ಚೆಂಡು, ಒಂದು ಸಲಕ್ಕೆ ಐದು. ಮೇಲೆತ್ತಿ ಒದ್ದ ಗೋಲ್ ಕಿಕ್‌ಗೆ ತಲೆ ಕೊಡುವುದು ಇನ್ನೂ ಕೆಲವು ವರ್ಷ ಬೇಡ. ಕೋಚ್ ಒಪ್ಪದಿದ್ದರೆ ಹೆಡಿಂಗ್ ಅಭ್ಯಾಸದ ಹೊತ್ತಿಗೆ ಅವನನ್ನು ಪಕ್ಕಕ್ಕೆ ಕೂರಿಸಿ.

ಇಬ್ಬರು ಒಂದೇ ಚೆಂಡಿಗೆ ಜಿಗಿಯುವುದನ್ನು ಎಲ್ಲಕ್ಕಿಂತ ತಡವಾಗಿ ಕಲಿಸಿ. ಹೆಡ್ ಮಾಡಲು ಹೋಗಿ ಆಗುವ ಕನ್ಕಶನ್‌ಗಳಲ್ಲಿ, ಅಂದರೆ ಪೆಟ್ಟಿಗೆ ಮಿದುಳು ಅಲುಗಾಡಿ ಆಗುವ ಗಾಯಗಳಲ್ಲಿ, ಬಹುಪಾಲು ತಲೆಗೆ ತಲೆ ಅಥವಾ ಮೊಣಕೈ ಬಡಿದು ಆಗುವಂಥವು. ತೋಳು ಸಮತೋಲನಕ್ಕೆ ಬೇಕು, ಆದರೆ ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು. 'ನನ್ನದು' ಅಂತ ಜೋರಾಗಿ ಕೂಗುವುದನ್ನೂ ರೂಢಿ ಮಾಡಿಸಿ.

ತಲೆಗೆ ಪೆಟ್ಟಾದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಜು ಮಂಜಾಗಿ ಕಾಣುವುದು, ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಕೊಡುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಆಟದಿಂದ ಹೊರಗೆ ಕರೆಯಿರಿ. ಸ್ವಲ್ಪ ಹೊತ್ತಿಗೆ ಸರಿಹೋದ ಹಾಗೆ ಕಂಡರೂ ಆ ದಿನ ಮತ್ತೆ ಇಳಿಸಬೇಡಿ. ಪದೇ ಪದೇ ವಾಂತಿ, ಫಿಟ್ಸ್, ಎಚ್ಚರ ತಪ್ಪುವುದು, ಕತ್ತು ತುಂಬಾ ನೋಯುವುದು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಂಡದಿಂದ ತೆಗೆದುಬಿಡುತ್ತಾರೆ ಅಂತ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ನಿಮ್ಮ ಮಗ ತಾನೇ ಬಂದು ಹೇಳುತ್ತಿದ್ದಾನೆ. ಹೇಳಿದ್ದಕ್ಕೆ ಅವನನ್ನು ಬೈಯಬೇಡಿ, ಮುಂದೆಯೂ ಹೇಳಲಿ.