ಗುರುತಿಲ್ಲದ ಸೀನಿಯರ್ ಹತ್ತಿರ 15 ನಿಮಿಷ ಕೇಳುವುದು

"ಸಿವಿಲ್ ಕೊನೆಯ ವರ್ಷ. ಜಿಐಎಸ್ ಕೆಲಸದಲ್ಲಿರೋ ನಮ್ಮ ಕಾಲೇಜಿನ ಸೀನಿಯರ್ ಒಬ್ಬರ ಹತ್ತಿರ ಮಾತಾಡಬೇಕು. ಪರಿಚಯ ಇಲ್ಲ. ಏನಂತ ಮೆಸೇಜ್ ಹಾಕಲಿ?"

ಮೊದಲ ಮೆಸೇಜಿಗೇ ರೆಸ್ಯೂಮೆ ಅಂಟಿಸಬೇಡಿ. ಕೆಲಸ ಕೇಳೋಕೆ ಬಂದಿದ್ದಾರೆ ಅನ್ನಿಸುತ್ತದೆ. ನನಗೂ ಇಂಥವು ಬರುತ್ತವೆ. ಸುಮ್ನೆ 'ಗೈಡೆನ್ಸ್ ಬೇಕು ಸರ್' ಅಂದರೆ ಏನು ಹೇಳುವುದು ಅಂತಲೇ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನೀವು ಓದಿದ ಕಾಲೇಜಿನಲ್ಲೇ ಸಿವಿಲ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಕ್ಯೂಜಿಐಎಸ್‌ನಲ್ಲಿ ಒಂದು ಕೆರೆಗೆ ನೀರು ಹರಿದು ಬರುವ ಪ್ರದೇಶದ ನಕ್ಷೆ ಮಾಡಿದ್ದೇನೆ. ನೀವು ಸಿವಿಲ್‌ನಿಂದ ಜಿಐಎಸ್‌ಗೆ ಹೋಗಿದ್ದನ್ನು ಪ್ರೊಫೈಲ್‌ನಲ್ಲಿ ನೋಡಿದೆ. ಮೊದಲ ಕೆಲಸಕ್ಕೆ ಪೈಥಾನ್ ಎಷ್ಟು ಬೇಕಾಯಿತು ಅಂತ ಕೇಳಬೇಕಿತ್ತು. ಮುಂದಿನ ವಾರ ಒಂದು ಸಂಜೆ 15 ನಿಮಿಷ ಫೋನಿನಲ್ಲಿ ಸಿಗಬಹುದಾ? ಬಿಡುವಿಲ್ಲದಿದ್ದರೆ ಇಲ್ಲೇ ಎರಡು ಸಾಲು ಬರೆದರೂ ಸಾಕು."

ಆ ಕೊನೆಯ ಸಾಲು ತೆಗೆಯಬೇಡಿ. ಫೋನಿಗೆ ಸಿಗದವರೂ ಎರಡು ಸಾಲು ಬರೆದುಬಿಡುತ್ತಾರೆ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಸಲ ನೆನಪಿಸಿ. ಆಮೇಲೂ ಸುಮ್ಮನಿದ್ದರೆ ಇನ್ನೊಬ್ಬ ಸೀನಿಯರ್ ನೋಡಿ. ಫೋನಿಗೆ ಸಿಕ್ಕರೆ 14ನೇ ನಿಮಿಷಕ್ಕೆ 'ಸರ್, ಟೈಮ್ ಆಯ್ತು' ಅಂತ ನೀವೇ ಹೇಳಿ. ಜಾಸ್ತಿ ಮಾತಾಡಬೇಕು ಅನ್ನಿಸಿದರೆ ಅವರೇ ಮುಂದುವರಿಸುತ್ತಾರೆ.