ಹತ್ತೂವರೆಯ ಮುಹೂರ್ತ ಸಂಜೆ ನಾಲ್ಕಕ್ಕೆ ಹೋಗಿದ್ದು ಹೇಗೆ?

ಪ್ರಶ್ನೆ: ಮೇ 10ಕ್ಕೆ ನಮ್ಮ ಮನೆ ಗೃಹಪ್ರವೇಶ. ಮುಹೂರ್ತ ಬೆಳಗ್ಗೆ 10:30. ಮಗ ಕ್ಯಾಲೆಂಡರ್ ಫೈಲ್ ಮಾಡಿ ಎಲ್ಲರಿಗೂ ಕಳಿಸಿದ. ನನ್ನ ಫೋನಿನಲ್ಲಿ ಸರಿಯಾಗಿದೆ. ಭಾವನ ಇಮೇಲ್ ಆ್ಯಪ್‌ನಲ್ಲಿ ಸಂಜೆ 4 ಅಂತ ಬರ್ತಿದೆ. ಒಂದೇ ಫೈಲ್‌ಗೆ ಎರಡು ಟೈಮ್ ಯಾಕೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎರಡು ಟೈಮ್‌ಗಳ ನಡುವೆ ಸರಿಯಾಗಿ ಐದೂವರೆ ಗಂಟೆ ಇದೆ, ನೋಡಿ. ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಲೆಕ್ಕ ಹಿಡಿಯುವ ಸಮಯಕ್ಕಿಂತ, ಅಷ್ಟೇ ಮುಂದಿದೆ. ಹಾಗಾಗಿ ಭಾವನವರ ಫೋನ್ ಕೆಟ್ಟಿಲ್ಲ.

ಆ `.ics` ಫೈಲನ್ನು ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಳಗಿರುವುದು ಸುಮ್ನೆ ಅಕ್ಷರಗಳು. ಬಹುಶಃ ಹೀಗೊಂದು ಸಾಲು ಸಿಗುತ್ತದೆ:

```
DTSTART:20260510T103000
```

2026ರ ಮೇ 10, ಹತ್ತೂವರೆ. ಆದರೆ ಯಾವ ಊರಿನ ಹತ್ತೂವರೆ? ಅದನ್ನು ಬರೆದೇ ಇಲ್ಲ. ಹೀಗಿದ್ದಾಗ ನೋಡುವವರ ಊರಿನ ಗಂಟೆ ಎಂದೇ ತಿಳಿಯಬೇಕು ಎಂಬುದು ನಿಯಮ. ನಿಮ್ಮ ಫೋನ್ ಹಾಗೇ ಮಾಡಿತು. ಭಾವನವರ ಆ್ಯಪ್ ಅದನ್ನು ಯುಟಿಸಿ ಎಂದುಕೊಂಡು, ಐದೂವರೆ ಗಂಟೆ ಕೂಡಿಸಿತು. ನಾನೂ ಒಮ್ಮೆ ಇಂಥದ್ದೇ ಫೈಲ್ ನಂಬಿ ಸಾಗರದ ಮೀಟಿಂಗ್‌ಗೆ ಸಂಜೆ ಹೋಗಿದ್ದೆ. ಕುರ್ಚಿ ಎತ್ತಿಡುತ್ತಿದ್ದರು!

ದುಬೈಯಲ್ಲಿ ನೆಂಟರಿದ್ದರೆ ಕಷ್ಟ ಇನ್ನೂ ಜಾಸ್ತಿ. ನಿಯಮ ಪಾಲಿಸುವ ಆ್ಯಪ್ ಅವರಿಗೂ 10:30 ಎಂದೇ ತೋರಿಸುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅಲ್ಲಿ ಹತ್ತೂವರೆ ಆಗುವಾಗ ಇಲ್ಲಿ ಹನ್ನೆರಡು. ಅವರು ವಿಡಿಯೊ ಕಾಲ್ ಮಾಡುವ ಹೊತ್ತಿಗೆ ನೀವು ಎಲೆ ಹಾಕುತ್ತಿರುತ್ತೀರಿ.

ಒಂದು ದಿನದ ಕಾರ್ಯಕ್ರಮಕ್ಕೆ ಸುಲಭದ ದಾರಿ ಇದೆ. ಹತ್ತೂವರೆಯಿಂದ ಐದೂವರೆ ಕಳೆದರೆ ಐದು. ಅದನ್ನು ಬರೆದು ಕೊನೆಗೆ `Z` ಹಾಕಿ:

```
DTSTART:20260510T050000Z
```

`Z` ಎಂದರೆ ಇದು ಯುಟಿಸಿ ಎಂಬ ಗುರುತು. ಪ್ರತಿ ಫೋನೂ ತನ್ನ ಊರಿನ ಸಮಯಕ್ಕೆ ಬದಲಿಸಿಕೊಳ್ಳುತ್ತದೆ. ಮುಗಿಯುವ ಸಮಯದ `DTEND` ಸಾಲನ್ನೂ ಹೀಗೇ ತಿದ್ದಿ. ಗಂಟೆ ಕಳೆಯದೆ ಬರೀ `Z` ಅಂಟಿಸಿದರೆ ಮಾತ್ರ ಇಲ್ಲಿನ ಎಲ್ಲರ ಫೋನಿನಲ್ಲೂ ಸಂಜೆ ನಾಲ್ಕೇ ಬರುತ್ತದೆ!

ಗಣಪತಿ ಹೋಮವನ್ನು ಬೆಳಗಿನ ಜಾವ 5ಕ್ಕೆ ಇಟ್ಟುಕೊಂಡಿದ್ದೀರಾ? ಹಾಗಾದರೆ ತಾರೀಖನ್ನೂ ಒಂದು ದಿನ ಹಿಂದೆ ತರಬೇಕು. ಅದು ಯುಟಿಸಿಯಲ್ಲಿ ಮೇ 9ರ ರಾತ್ರಿ 11:30, ಅಂದರೆ `20260509T233000Z`.

ಫೈಲನ್ನು ಮತ್ತೆ ಕಳಿಸುವಾಗ `UID` ಸಾಲನ್ನು ಮುಟ್ಟಬೇಡಿ. `SEQUENCE` ಸಾಲಿನ ಅಂಕಿಯನ್ನು ಒಂದು ಹೆಚ್ಚಿಸಿ. ಆ ಸಾಲು ಇಲ್ಲದಿದ್ದರೆ `DTSTART` ಕೆಳಗೆ `SEQUENCE:1` ಎಂದು ಸೇರಿಸಿ. ಹಳೆಯದನ್ನೇ ತಿದ್ದಿದ್ದು ಎಂದು ಆ್ಯಪ್‌ಗೆ ತಿಳಿಯುವುದು ಇದರಿಂದಲೇ. ಆದರೂ ಕೆಲವು ಆ್ಯಪ್‌ಗಳು ಹಳೇ ಟೈಮ್ ಬಿಡುವುದಿಲ್ಲ. ಅದಕ್ಕೇ ಮೊದಲು ಭಾವನವರಿಗೊಬ್ಬರಿಗೇ ಕಳಿಸಿ. ಹಳೆಯದನ್ನು ಅಳಿಸಿ ಹೊಸದನ್ನು ತೆರೆಯಲು ಹೇಳಿ. ಅಲ್ಲಿ 10:30 ಬಂದ ಮೇಲೆ ಉಳಿದವರಿಗೆ ಕಳಿಸಿ.